ಉಪರೋಕ್ತದಲ್ಲಿ ಆ ‘ಓ’ ಎಲ್ಲಿಂದ ಬಂತು?

ಭಾನುವಾರ ಬೆಳಿಗ್ಗೆ ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಒಂದಷ್ಟು ಹುಡುಗ ಹುಡುಗಿಯರಿಗೆ ಕನ್ನಡ ವ್ಯಾಕರಣ ಹೇಳಿಕೊಡುತ್ತೇನೆ. ಎಸ್‌ಡಿಎ, ಎಫ್‌ಡಿಎ, ಪಿಡಿಒ ಅಂತ ಒಬ್ಬೊಬ್ಬರು ಒಂದೊಂದು ಪರೀಕ್ಷೆಗೆ ಓದುವವರು. ಸಂಧಿ ಅಂದರೆ ಅವರಿಗೆ ಸುಲಭದ ಅಂಕ. ಎರಡು ಪದ ಕೊಟ್ಟಿರುತ್ತಾರೆ, ಕೂಡಿಸಿ ಬಾಯಲ್ಲಿ ಒಂದು ಸಲ ಹೇಳಿ ನೋಡಿದರೆ ಉತ್ತರ ತಾನಾಗಿ ಬರುತ್ತದೆ ಅನ್ನೋದು ಅವರ ನಂಬಿಕೆ. ಬಹಳ ಸಲ ಬರುತ್ತದೆ ಕೂಡ. ಅದೇ ತೊಂದರೆ.

ಕಳೆದ ವರ್ಷ ಒಂದು ಭಾನುವಾರ ನಾನು ಬೇಕಂತಲೇ ಒಂದು ಪ್ರಶ್ನೆ ಹಾಕಿದೆ. ಉಪರಿ + ಉಕ್ತ, ಕೂಡಿಸಿ ಬರೆದರೆ ಸರಿಯಾದ ರೂಪ ಯಾವುದು? ಎ) ಉಪರೋಕ್ತ, ಬಿ) ಉಪರುಕ್ತ, ಸಿ) ಉಪರಿಯುಕ್ತ, ಡಿ) ಉಪರ್ಯುಕ್ತ.

ಇಬ್ಬರನ್ನು ಬಿಟ್ಟು ಎಲ್ಲರೂ ಎ ಗುರುತು ಹಾಕಿದ್ದರು. ಆ ಇಬ್ಬರಲ್ಲಿ ಒಬ್ಬ ಬಿ ಹಾಕಿದ್ದ. ಡಿ ಹಾಕಿದವಳು ಒಬ್ಬಳೇ, ಹಿಂದಿನ ಬೆಂಚಿನ ಹುಡುಗಿ. ಅವಳೂ ‘ಬೇರೆ ಮೂರು ಗೊತ್ತಿತ್ತು ಸರ್, ಇದೊಂದೇ ವಿಚಿತ್ರವಾಗಿತ್ತು, ಅದಕ್ಕೇ ಹಾಕಿದೆ’ ಅಂದಳು. ಪರೀಕ್ಷೆಯ ಹಾಲ್‌ನಲ್ಲಿ ಇದೂ ಒಂದು ವಿದ್ಯೆ, ಇರಲಿ.

ಉಪರಿ ಅಂದರೆ ಮೇಲೆ. ಉಕ್ತ ಅಂದರೆ ಹೇಳಿದ್ದು. ಎರಡೂ ಸಂಸ್ಕೃತ ಪದಗಳು. ಈಗ ಹೊಲಿಗೆ ಎಲ್ಲಿ ಬೀಳುತ್ತದೋ ಅಲ್ಲಿ ಮಾತ್ರ ನೋಡಿ. ಉಪರಿ ಅನ್ನೋದನ್ನು ಬಿಡಿಸಿ ಬರೆದರೆ ಕೊನೆಗೆ ರ್ + ಇ ಸಿಗುತ್ತದೆ. ಉಕ್ತದ ಮೊದಲಲ್ಲಿ ಉ ಇದೆ. ಅಂದರೆ ಎದುರುಬದುರು ನಿಂತಿರುವುದು ಇ ಮತ್ತು ಉ. ಇ, ಈ, ಉ, ಊ, ಋ ಇವುಗಳ ಮುಂದೆ ತಮ್ಮ ಜಾತಿಯದಲ್ಲದ ಸ್ವರ ಬಂದರೆ ಕ್ರಮವಾಗಿ ಯ್, ವ್, ರ್ ಬರುತ್ತದೆ. ಇದು ಯಣ್ ಸಂಧಿ. ಪಾಣಿನಿ ಇದನ್ನು ‘ಇಕೋ ಯಣಚಿ’ ಅಂತ ಒಂದೇ ಪುಟ್ಟ ಸೂತ್ರದಲ್ಲಿ ಮುಗಿಸಿದ್ದಾನೆ. ಹಾಗಾಗಿ ಇ ಹೋಗಿ ಯ್ ಬಂತು. ರ್ + ಯ್ + ಉ, ಅಂದರೆ ರ್ಯು. ಉಪರ್ಯುಕ್ತ. ಬೇರೆ ದಾರಿ ಇಲ್ಲ.

ಹಾಗಾದರೆ ಓ ಯಾವಾಗ ಬರುತ್ತದೆ? ಮೊದಲ ಪದದ ಕೊನೆಯಲ್ಲಿ ಅ ಅಥವಾ ಆ ಇದ್ದು, ಮುಂದೆ ಉ ಅಥವಾ ಊ ಬಂದಾಗ. ಸೂರ್ಯ + ಉದಯ, ಸೂರ್ಯೋದಯ. ಮಹಾ + ಉತ್ಸವ, ಮಹೋತ್ಸವ. ಅದು ಗುಣಸಂಧಿ. ಉಪರೋಕ್ತ ಅನ್ನೋದನ್ನು ನಿಯಮದಂತೆ ಹಿಂದಕ್ಕೆ ಬಿಡಿಸಿದರೆ ಉಪರ + ಉಕ್ತ ಅಂತ ಆಗಬೇಕು. ಇಲ್ಲೊಂದು ತಮಾಷೆ ಇದೆ. ವೇದದ ಸಂಸ್ಕೃತದಲ್ಲಿ ಉಪರ ಅನ್ನೋ ಪದ ನಿಜವಾಗಿಯೂ ಇದೆ, ಅದರ ಅರ್ಥ ಕೆಳಗಿನದು. ಸೋಮಲತೆಯನ್ನು ಜಜ್ಜುವಾಗ ಕೆಳಗೆ ಇಡುವ ಕಲ್ಲಿಗೂ ಅದೇ ಹೆಸರು. ಅಂದರೆ ಹಠ ಹಿಡಿದು ಅರ್ಥ ಮಾಡಿದರೆ ಉಪರೋಕ್ತ ಅಂದರೆ ‘ಕೆಳಗೆ ಹೇಳಿದ’!

ತರಗತಿಯಲ್ಲಿ ಗಲಾಟೆ ಎದ್ದಿತು. ಒಬ್ಬ ಹುಡುಗ ಮೊಬೈಲ್ ಎತ್ತಿ ತೋರಿಸಿದ. ಅವನು ಅರ್ಜಿ ಹಾಕಿದ್ದ ಹುದ್ದೆಗೆ ಸಂಬಂಧಪಟ್ಟ ಸುತ್ತೋಲೆ. ಮೊದಲ ಸಾಲೇ ‘ಉಪರೋಕ್ತ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರು. ‘ಪರೀಕ್ಷೆ ಮಾಡೋರೇ ಹೀಗೆ ಬರೀತಾರಲ್ಲ ಸರ್, ನಾವು ಬರೆದ್ರೆ ತಪ್ಪಾ?’ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಪ್ರಶ್ನೆಯಲ್ಲಿ ಉಪರಿ + ಉಕ್ತ ಅಂತ ಬಿಡಿಸಿ ಕೊಟ್ಟಿದ್ದಾರೆ ಅಂದರೆ ಅವರು ಕೇಳುತ್ತಿರುವುದು ನಿಯಮವನ್ನು, ಕಚೇರಿಯ ರೂಢಿಯನ್ನಲ್ಲ, ಅಷ್ಟೇ ಹೇಳಿದೆ. ಹಿಂದಿಯವರಿಗೂ ಇದೇ ಪದದಲ್ಲಿ ಇದೇ ತಲೆನೋವು ಇದೆ ಅಂತ ಹೇಳಿದಾಗ ಸ್ವಲ್ಪ ಸಮಾಧಾನ ಆಯಿತು ಅವರಿಗೆ.

ಆದರೆ ನನಗೆ ಆ ತಪ್ಪು ಉತ್ತರಗಳೇ ಜಾಸ್ತಿ ಇಷ್ಟ. ಆ ನಾಲ್ಕು ಆಯ್ಕೆಗಳನ್ನು ಇನ್ನೊಂದು ಸಲ ನೋಡಿ. ಉಪರೋಕ್ತದಲ್ಲಿ ಗುಣಸಂಧಿಯ ವೇಷ ಇದೆ. ಉಪರುಕ್ತದಲ್ಲಿ ಇಕಾರ ಬಿದ್ದುಹೋಗಿದೆ, ಅಂದರೆ ಕನ್ನಡದ ಲೋಪಸಂಧಿ. ಉಪರಿಯುಕ್ತದಲ್ಲಿ ಮಧ್ಯೆ ಯ್ ಬಂದು ಕೂತಿದೆ, ಅದು ಯಕಾರಾಗಮ. ಮೂರೂ ನಿಯಮಗಳು ನಿಜವಾದವೇ. ಬೇರೆ ಕಡೆ ದಿನಾ ಕೆಲಸ ಮಾಡುತ್ತವೆ. ಈ ಹೊಲಿಗೆಗೆ ಮಾತ್ರ ಅವು ಸಲ್ಲುವುದಿಲ್ಲ. ನಮ್ಮ ಕಿವಿ ಏನು ಮಾಡುತ್ತದೆ ಅಂದರೆ, ಕೂಡಿದ ಮೇಲಿನ ರೂಪವನ್ನು ಕೇಳಿ, ಈ ತರದ್ದು ಎಲ್ಲೋ ಕೇಳಿದ್ದೀನಲ್ಲ ಅಂತ ಹುಡುಕುತ್ತದೆ. ಸರ್ವೋತ್ತಮ, ಪೂರ್ವೋಕ್ತ, ಉಪರೋಕ್ತ, ಸಾಲಾಗಿ ಹೇಳಿದರೆ ಒಂದೇ ಮನೆಯ ಮಕ್ಕಳ ಹಾಗೆ ಕೇಳಿಸುತ್ತವೆ. ನಿಯಮ ಕೂಡಿದ ರೂಪವನ್ನು ನೋಡುವುದೇ ಇಲ್ಲ. ಕೂಡುವ ಮೊದಲು ಅಂಚಿನಲ್ಲಿ ಯಾರು ಯಾರು ನಿಂತಿದ್ದರು ಅಂತ ಮಾತ್ರ ಕೇಳುತ್ತದೆ.

ಕಿವಿಯನ್ನೇ ನಂಬುವುದಾದರೂ ಪೂರ್ತಿ ನಂಬಬೇಕು. ಪ್ರತಿ + ಉತ್ತರ ಏನಾಗುತ್ತದೆ? ಯಾರೂ ಪ್ರತೋತ್ತರ ಅನ್ನುವುದಿಲ್ಲ, ಪ್ರತ್ಯುತ್ತರ ಅನ್ನುತ್ತಾರೆ. ಅತಿ + ಉತ್ತಮ, ಅತ್ಯುತ್ತಮ. ಅಲ್ಲೂ ಅದೇ ಇ, ಅದೇ ಉ. ಉಪರಿಯಲ್ಲಿ ಮಾತ್ರ ಯಾಕೆ ತಪ್ಪುತ್ತೇವೆ ಅಂದರೆ, ಅಲ್ಲಿ ಯ್ ಹೋಗಿ ಅಂಟಿಕೊಳ್ಳುವುದು ರ್‌ಗೆ. ರ್ಯು ಅನ್ನಲು ನಾಲಿಗೆ ತಡವರಿಸುತ್ತದೆ. ರೋ ಅನ್ನುವುದು ಸಲೀಸು. ನನಗೆ ತೋಚಿದ ಕಾರಣ ಇದು.

ಇದೇ ಪ್ರತಿ ಅನ್ನೋ ಪದ ಇನ್ನೊಂದು ಗುಂಡಿ ತೋಡುತ್ತದೆ. ಪ್ರತಿ + ಏಕ, ಪ್ರತ್ಯೇಕ. ಸರಿ. ಪ್ರತಿ + ಒಬ್ಬ? ಮಾತಿನಲ್ಲಿ ಎಷ್ಟೋ ಜನ ‘ಪ್ರತ್ಯೊಬ್ಬರೂ’ ಅನ್ನುತ್ತಾರೆ, ಭಾಷಣಗಳಲ್ಲಿ ಕೇಳಿಯೇ ಇರುತ್ತೀರಿ. ಪ್ರತ್ಯೇಕ ಸರಿಯಾದರೆ ಪ್ರತ್ಯೊಬ್ಬ ಯಾಕಾಗಬಾರದು? ಯಾಕೆಂದರೆ ಒಬ್ಬ ಕನ್ನಡದವನು. ಯಣ್ ಸಂಧಿ ಸಂಸ್ಕೃತದ ಸಂಧಿ, ಎರಡೂ ಕಡೆ ಸಂಸ್ಕೃತ ಪದ ಇದ್ದರೆ ಮಾತ್ರ ಅದಕ್ಕೆ ಕೆಲಸ. ಒಂದು ಕಡೆ ಕನ್ನಡ ಬಂತು ಅಂದರೆ ಕನ್ನಡದ ನಿಯಮವೇ. ಹಾಗಾಗಿ ಯಕಾರ ಆಗಮವಾಗಿ ಪ್ರತಿಯೊಬ್ಬ. ಅತಿ + ಆಸೆ ಕೂಡ ಹೀಗೇ. ಆಸೆ ಅನ್ನೋದು ಆಶಾ ಕನ್ನಡಕ್ಕೆ ಬಂದು ಒಗ್ಗಿಕೊಂಡ ರೂಪ. ಅದಕ್ಕೇ ಅತಿಯಾಸೆ ಗತಿಗೇಡು. ಆ ಗಾದೆಯಲ್ಲಿ ಒಂದು ಆಗಮ, ಒಂದು ಆದೇಶ, ಎರಡೂ ಸಿಗುತ್ತವೆ ನೋಡಿ. ನಾನು ಪ್ರತಿ ವರ್ಷ ಅದರ ಮೇಲೊಂದು ಪ್ರಶ್ನೆ ಹಾಕಿಯೇ ಹಾಕುತ್ತೇನೆ.

ಇದಕ್ಕೆ ತಿರುಗುಮುರುಗಾದ ಪ್ರಶ್ನೆಯೂ ಬರುತ್ತದೆ. ರೂಪ ಸರಿ ಇರುತ್ತದೆ, ಹೆಸರು ಕೇಳುತ್ತಾರೆ. ಹಣದಾಸೆ ಯಾವ ಸಂಧಿ? ಹಣದ + ಆಸೆ. ಅ ಮತ್ತು ಆ ಸೇರಿ ಆ ಆಗಿದೆ, ಹಾಗಾದರೆ ಸವರ್ಣದೀರ್ಘ ಅಂತ ಗುರುತು ಹಾಕಿ ಮುಂದೆ ಹೋಗುತ್ತಾರೆ. ಅಲ್ಲಿ ಏನೂ ಸೇರಿಲ್ಲ. ಹಣದ ಅನ್ನೋದರ ಅ ಬಿದ್ದುಹೋಗಿದೆ, ಆಸೆಯ ಆ ಇದ್ದ ಹಾಗೇ ಇದೆ. ಲೋಪ. ಅನುಮಾನ ಬಂದರೆ ಎರಡನೆಯ ಪದ ತೆಗೆದು ಉಕಾರದ ಪದ ಇಟ್ಟು ನೋಡಿ. ಹಣದ + ಉಳಿತಾಯ ಹಣದುಳಿತಾಯ ಆಗುತ್ತದೆ, ಹಣದೋಳಿತಾಯ ಆಗುವುದಿಲ್ಲ. ಅವನ + ಊರು ಅವನೂರು, ಅವನೋರು ಅಲ್ಲ. ಗುಣಸಂಧಿ ಅಲ್ಲಿ ಬರುವುದಿಲ್ಲ ಅಂದರೆ ಅದರ ಅಣ್ಣ ಸವರ್ಣದೀರ್ಘವೂ ಬರುವುದಿಲ್ಲ. ಅದೇ ಧನಾಶೆ ಅಂತ ಕೊಟ್ಟರೆ ಸವರ್ಣದೀರ್ಘವೇ.

ಈಗ ನಾನೇ ಬಿದ್ದ ಹಳ್ಳದ ಕಥೆ.

ಆ ಗಲಾಟೆಯ ಮುಂದಿನ ವಾರ ವಿಸರ್ಗಸಂಧಿಯ ಮೇಲೆ ಒಂದು ಪ್ರಶ್ನೆ ತಯಾರಿಸಿದೆ. ಮನಃ + ಸ್ಥಿತಿ. ಆಯ್ಕೆಗಳು ಮನೋಸ್ಥಿತಿ, ಮನಃಸ್ಥಿತಿ, ಮನಸ್ಥಿತಿ, ಮನಾಸ್ಥಿತಿ. ಬಲೆ ಎಲ್ಲಿತ್ತು ಅಂದರೆ ಮನೋಸ್ಥಿತಿಯಲ್ಲಿ. ಮನೋರಥ, ಮನೋಹರ, ಮನೋಬಲ, ಮನೋಭಾವ, ಮನೋಧರ್ಮ, ಇಷ್ಟು ಪದ ಕೇಳಿ ಕೇಳಿ ಮನೋ ಅನ್ನೋದೇ ಒಂದು ಪದ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಏನನ್ನು ಬೇಕಾದರೂ ಅದರ ಮುಂದೆ ತಂದು ನಿಲ್ಲಿಸುತ್ತೇವೆ. ಮನೋಕಾಮನೆ ಅಂತೂ ಎಷ್ಟು ಇಂಪಾಗಿದೆ! ಆದರೆ ಮೇಲಿನ ಸರಿಯಾದ ಪದಗಳಲ್ಲಿ ಮನೋ ಆದಮೇಲೆ ಬರುವ ಅಕ್ಷರಗಳನ್ನು ನೋಡಿ. ರ, ಹ, ಬ, ಭ, ಧ. ಎಲ್ಲವೂ ಗಂಟಲು ನಡುಗಿಸಿ ಹೇಳುವ ವ್ಯಂಜನಗಳು. ಪ್ರತಿ ವರ್ಗದ ಮೂರು, ನಾಲ್ಕು, ಐದನೆಯ ಅಕ್ಷರ, ಜೊತೆಗೆ ಯ ರ ಲ ವ ಹ, ಇವು ಮುಂದೆ ಬಂದರೆ ಮಾತ್ರ ಅಕಾರದ ಮುಂದಿನ ವಿಸರ್ಗ ಓ ಆಗುತ್ತದೆ. ಕ, ಪ, ಸ ಬಂದರೆ ಆಗುವುದಿಲ್ಲ. ಮನಃಪೂರ್ವಕ ಅನ್ನುತ್ತೇವೆ, ಮನೋಪೂರ್ವಕ ಅನ್ನುವುದಿಲ್ಲ, ಅಲ್ವಾ? ಕಾಮನೆಗೂ ಸ್ಥಿತಿಗೂ ಅದೇ ನ್ಯಾಯ. ಮನಃಕಾಮನೆ, ಮನಃಸ್ಥಿತಿ.

ಪಟ್ಟಿ ಬಾಯಿಪಾಠ ಮಾಡಲು ಕಷ್ಟ ಅನ್ನುವವರಿಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಎರಡು ಬೆರಳು ಗಂಟಲ ಮೇಲೆ ಇಟ್ಟುಕೊಂಡು ‘ಸ್ಸ್ಸ್’ ಅನ್ನಿ. ಏನೂ ಗೊತ್ತಾಗುವುದಿಲ್ಲ. ‘ಮ್ಮ್ಮ್’ ಅನ್ನಿ, ಜುಂ ಅಂತ ನಡುಗುತ್ತದೆ. ನಡುಗಿದರೆ ಓ, ನಡುಗದಿದ್ದರೆ ಇಲ್ಲ. ಅ ಸೇರಿಸಿ ಹೇಳಬಾರದು, ಅ ತಾನೇ ನಡುಗುತ್ತದೆ, ಎಲ್ಲವೂ ಒಂದೇ ತರ ಅನ್ನಿಸಿಬಿಡುತ್ತದೆ. ಪರೀಕ್ಷೆಯ ಹಾಲ್‌ನಲ್ಲಿ ಗಂಟಲು ಹಿಡಿದು ಕೂತರೆ ಮೇಲ್ವಿಚಾರಕರು ಗಾಬರಿಯಾಗಬಹುದು, ಅದನ್ನೂ ಹೇಳಿದ್ದೇನೆ.

ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. ‘ನಮೋಸ್ತುತೇ ಅಂತಾರಲ್ಲ ಸರ್? ಅಲ್ಲಿ ಓ ಆದ್ಮೇಲೆ ಸ ಇದೆಯಲ್ಲ.’

ಒಳ್ಳೆಯ ಪೆಟ್ಟು. ಆದರೆ ಅಲ್ಲಿ ವಿಸರ್ಗದ ಮುಂದೆ ನಿಂತಿದ್ದು ಸ ಅಲ್ಲ. ನಮಃ + ಅಸ್ತು. ಮುಂದೆ ಇರುವುದು ಅ. ಅಕಾರ ಮುಂದೆ ಬಂದಾಗಲೂ ವಿಸರ್ಗ ಓ ಆಗುತ್ತದೆ, ಆಮೇಲೆ ಆ ಅ ಬಿದ್ದುಹೋಗುತ್ತದೆ. ಹೋದ ಜಾಗದಲ್ಲಿ ಅವಗ್ರಹ ಅಂತ ಒಂದು ಗುರುತು ಇಟ್ಟು ನಮೋಽಸ್ತು ಅಂತ ಬರೆಯುತ್ತಾರೆ. ಆ ಗುರುತು ಬಿಟ್ಟು ಬರೆದು ಬರೆದು, ಕೊನೆಗೆ ಸ ಪಕ್ಕದಲ್ಲೇ ಇತ್ತು ಅನ್ನಿಸುತ್ತದೆ. ಕೂಡಿದ ರೂಪ ನೋಡಿ ತೀರ್ಮಾನ ಮಾಡಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಹತ್ತಿರ ಇರಲಿಲ್ಲ, ಅವಳೇ ತಂದುಕೊಟ್ಟಳು.

ಅಲ್ಲಿಗೆ ಬಿಟ್ಟಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಾನು ಮನಃಸ್ಥಿತಿಗೆ ಮಾತ್ರ ಅಂಕ ಕೊಟ್ಟು, ಮನಸ್ಥಿತಿ ಬರೆದವರಿಗೆ ‘ವಿಸರ್ಗ ನುಂಗಿದ್ದೀರಿ’ ಅಂತ ಬೈದೆ. ಮನೆಗೆ ಬಂದು ಊಟ ಮಾಡುವಾಗ ಯಾಕೋ ಅನುಮಾನ ಬಂತು. ಹಳೆಯ ಪುಸ್ತಕ ತೆಗೆದು ನೋಡಿದೆ. ವಿಸರ್ಗದ ಮುಂದೆ ಶ, ಷ, ಸ ಬಂದು, ಅದರ ಹಿಂದೆಯೇ ಒತ್ತಾಗಿ ಥ ತರಹದ ಕರ್ಕಶ ವ್ಯಂಜನ ಇದ್ದರೆ ವಿಸರ್ಗವನ್ನು ಬಿಡಬಹುದು ಅಂತ ಸಂಸ್ಕೃತ ವ್ಯಾಕರಣದಲ್ಲೇ ಒಪ್ಪಿಗೆ ಇದೆ. ಸ್ಥಿತಿಯಲ್ಲಿ ಸ, ಅದರ ಹಿಂದೆ ಥ. ಅಂದರೆ ಮನಸ್ಥಿತಿಯೂ ಸರಿ! ಸೋಮಾರಿತನದಿಂದ ಬರೆದ ಹಾಗೆ ಕಾಣುವ ರೂಪಕ್ಕೆ ನಿಯಮದ ಒಪ್ಪಿಗೆ ಇದೆ, ಇಂಪಾದ ಮನೋಸ್ಥಿತಿಗೆ ಇಲ್ಲ. ನನ್ನ ಪ್ರಶ್ನೆಗೆ ಎರಡು ಸರಿ ಉತ್ತರ ಇತ್ತು. ಮುಂದಿನ ಭಾನುವಾರ ಹೋಗಿ ಎಲ್ಲರ ಮುಂದೆ ಒಪ್ಪಿಕೊಂಡು ಅಂಕ ಹಂಚಿದೆ.

ಆಮೇಲಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪ್ರಶ್ನೆ ಹಾಕುವ ಮೊದಲು ತಪ್ಪು ಆಯ್ಕೆಗಳನ್ನೂ ಒಂದೊಂದಾಗಿ ಹಿಂದಕ್ಕೆ ಬಿಡಿಸಿ ನೋಡುವುದು. ಬಿಡಿಸಿದಾಗ ಅರ್ಥವಿರುವ ಎರಡು ಪದ ಸಿಕ್ಕಿದರೆ ಆ ಆಯ್ಕೆ ಅಪಾಯ. ಅಂತಾರಾಷ್ಟ್ರೀಯ ಅನ್ನೋ ಪದ ಇದಕ್ಕೇ ನನಗೆ ಭಯ. ಅಂತರ್ + ರಾಷ್ಟ್ರೀಯ ಅಂತ ಕೊಟ್ಟರೆ, ಎರಡು ರ್ ಎದುರಾದಾಗ ಮೊದಲನೆಯದು ಬಿದ್ದು ಅದರ ಹಿಂದಿನ ಸ್ವರ ದೀರ್ಘವಾಗುತ್ತದೆ, ಅಂತಾರಾಷ್ಟ್ರೀಯ. ನಿರ್ + ರಸ ನೀರಸ ಆದ ಹಾಗೆ. ಆದರೆ ಅಂತರ + ರಾಷ್ಟ್ರೀಯ ಅಂತ ಹಿಡಿದರೆ ಅಂತರರಾಷ್ಟ್ರೀಯವೂ ನಿಲ್ಲುತ್ತದೆ. ನಿಲ್ಲದೆ ಹೋಗುವುದು ದೀರ್ಘವೂ ಇಲ್ಲದ, ಇನ್ನೊಂದು ರ ಕೂಡ ಇಲ್ಲದ ಅಂತರಾಷ್ಟ್ರೀಯ. ಬೋರ್ಡುಗಳ ಮೇಲೆ ಜಾಸ್ತಿ ಕಾಣುವುದು ಅದೇ. ಬಿಡಿಸಿ ಕೊಡದೆ ಸುಮ್ನೆ ‘ಸರಿಯಾದ ರೂಪ ಯಾವುದು’ ಅಂತ ಈ ಪದವನ್ನು ಕೇಳಬಾರದು ಅನ್ನೋದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಕೇಳಿ ಒಬ್ಬ ಹುಡುಗ, ‘ಇದೆಲ್ಲ ಸಂಸ್ಕೃತದ ಕಾಟ ಸರ್, ನಮ್ಮ ಕನ್ನಡ ಸಂಧಿಯಲ್ಲಾದ್ರೂ ಕಿವಿ ನಂಬಬಹುದಲ್ಲ’ ಅಂದ. ಅವನಿಗೆ ಮಗು + ಅನ್ನು ಕೊಟ್ಟೆ. ಮಗುನ್ನು ಅಂದ. ಮನೆಯಲ್ಲಿ ‘ಮಗೂನ ಎತ್ಕೋ’ ಅಂತೇವಲ್ಲ, ಅದನ್ನೇ ಸ್ವಲ್ಪ ಇಸ್ತ್ರಿ ಮಾಡಿದ್ದ. ಕೇಳಲು ಏನೂ ತೊಂದರೆ ಇಲ್ಲ. ಆದರೆ ಅಲ್ಲಿ ಬಿದ್ದಿರುವುದು ಅನ್ನು ಅನ್ನೋದರ ಅ, ಅಂದರೆ ಎರಡನೆಯ ಸ್ವರ. ಲೋಪಸಂಧಿಯಲ್ಲಿ ಬೀಳಬೇಕಾದ್ದು ಮೊದಲನೆಯ ಪದದ ಕೊನೆಯ ಸ್ವರ. ಹಾಗೆ ಬೀಳಿಸಿದರೆ ಮಗನ್ನು ಆಗುತ್ತದೆ. ಮಗು ಹೋಗಿ ಮಗ ಬಂದ! ನಮ್ಮ ವ್ಯಾಕರಣದ ನಿಯಮದಲ್ಲೇ ಒಂದು ಷರತ್ತಿದೆ, ಅರ್ಥ ಕೆಡದಿದ್ದರೆ ಮಾತ್ರ ಲೋಪ ಅಂತ. ಇಲ್ಲಿ ಕೆಟ್ಟಿತು. ಹಾಗಾಗಿ ಲೋಪ ಬೇಡ, ವಕಾರ ಬರಲಿ. ಮಗುವನ್ನು. ಹಾಗೇ ಗುರುವನ್ನು, ಹಸುವನ್ನು, ಕರುವನ್ನು.

ಊರು + ಅನ್ನು ಊರನ್ನು ಆಗುತ್ತದಲ್ಲ, ಅಲ್ಲೂ ಉ ತಾನೇ ಇರುವುದು ಅಂದರೆ, ಆ ಉ ಬೇರೆ. ಹಳಗನ್ನಡದಲ್ಲಿ ಅದು ಊರ್. ಆಮೇಲೆ ಬಾಯಿಗೆ ಅನುಕೂಲ ಅಂತ ಉ ಬಂದು ಅಂಟಿಕೊಂಡಿತು. ಕಾಲ್, ಕಣ್ ಇವಕ್ಕೂ ಹಾಗೇ. ಅಂಟಿಕೊಂಡಿದ್ದು ಬಿದ್ದರೆ ಪದಕ್ಕೇನೂ ನಷ್ಟವಿಲ್ಲ. ಮಗು, ಗುರು, ಹಸುವಿನ ಉ ಹುಟ್ಟಿನಿಂದಲೇ ಬಂದಿದ್ದು, ಅದು ಹೋದರೆ ಪದವೇ ಹೋಯಿತು. ಎರಡೇ ಅಕ್ಷರದ ಹೆಸರು, ಮೊದಲಕ್ಷರ ಹ್ರಸ್ವ, ಮುಂದೆ ಒತ್ತೂ ಇಲ್ಲ ಅಂದರೆ ಸಾಮಾನ್ಯವಾಗಿ ಉ ಉಳಿಯುತ್ತದೆ. ಅದು, ಇದು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅದನ್ನು ಇದನ್ನು ಅಂತಲೇ ಆಗುತ್ತವೆ.

ಹಿಂದಿನ ಬೆಂಚಿನ ಹುಡುಗಿಗೆ ಈ ವರ್ಷ ಕೆಲಸ ಸಿಕ್ಕಿತು. ಕಚೇರಿಗೆ ಸೇರಿ ಒಂದು ತಿಂಗಳಾದ ಮೇಲೆ ಭಾನುವಾರ ಪೇಡೆ ತಂದಿದ್ದಳು. ಮೊದಲ ಪತ್ರದಲ್ಲೇ ಅಭಿಮಾನದಿಂದ ಉಪರ್ಯುಕ್ತ ಅಂತ ಬರೆದಿದ್ದಾಳೆ. ಮೇಲಿನವರು ಕೆಂಪು ಪೆನ್ನಿನಲ್ಲಿ ಹೊಡೆದು ಉಪರೋಕ್ತ ಅಂತ ತಿದ್ದಿ, ‘ಕಾಗುಣಿತ ನೋಡಿಕೊಳ್ಳಿ’ ಅಂತ ಬೇರೆ ಬರೆದಿದ್ದಾರೆ.

‘ನೀನೇನು ಮಾಡಿದೆ?’ ಅಂದೆ.

‘ಎರಡೂ ಬೇಡ ಅಂತ ಈಗ ಮೇಲ್ಕಂಡ ಅಂತ ಬರೀತಿದ್ದೀನಿ ಸರ್. ಯಾರೂ ತಿದ್ದಿಲ್ಲ.’ ಪೇಡೆಯ ಡಬ್ಬಿ ಮುಂದಿನವರಿಗೆ ದಾಟಿಸುತ್ತಾ ಒಂದು ಕ್ಷಣ ಸುಮ್ಮನಿದ್ದಳು. ‘ಅಂದ ಹಾಗೆ ಸರ್, ಮಳೆ ಕಾಲ ಮಳೆಗಾಲ ಆಗತ್ತೆ, ಹೊಸ ಕನ್ನಡ ಹೊಸಗನ್ನಡ ಆಗತ್ತೆ. ಮೇಲ್ ಕಂಡ ಯಾಕೆ ಮೇಲ್ಗಂಡ ಆಗಲ್ಲ?’

ಇಡೀ ಕ್ಲಾಸು ನಕ್ಕಿತು. ಮುಂದಿನ ಭಾನುವಾರ ಹೇಳುತ್ತೇನೆ ಅಂದು ಪೇಡೆ ಬಾಯಿಗೆ ಹಾಕಿಕೊಂಡೆ.